‘ಬಳಸಿಕೊಳ್ಳಿ’ ಎಂಬ ಉತ್ತರವನ್ನು ನಂಬಿ ನಾನು ಕೆಟ್ಟ ಬಗೆ

ಬೇರೆಯವರ ದತ್ತಾಂಶವನ್ನು ಬಳಸಲು ಇಮೇಲ್ ಬರೆಯುವವರು ನನ್ನಂತೆ ಬರೆಯಬಾರದೆಂದು ಇದನ್ನು ತಿಳಿಸುತ್ತಿದ್ದೇನೆ. ನಾನು ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಸಿಂಧನೂರು ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಜವಳು ಹೇಗೆ ಹಬ್ಬಿದೆ ಎಂಬುದನ್ನು ಬರೆಯಲು ಹೊರಟಾಗ, ಹಿಂದೆ ಒಂದು ಯೋಜನೆಯಲ್ಲಿ ಅಳೆದಿಟ್ಟ ತೆರೆದ ಬಾವಿಗಳ ನೀರಿನ ಮಟ್ಟದ ಪಟ್ಟಿ ಅಂತರ್ಜಾಲದಲ್ಲಿ ಸಿಕ್ಕಿತು. ಅದರ ಜೊತೆಗೆ ಲೈಸೆನ್ಸ್ ಇರಲಿಲ್ಲ, ವಿವರಣೆಯ ಕಡತವೂ ಇರಲಿಲ್ಲ. ಯೋಜನೆಯನ್ನು ನಡೆಸಿದ್ದ ಹಿರಿಯರಿಗೆ ನಾನು ಬರೆದದ್ದು ಇಷ್ಟೇ: ‘ಸರ್, ತಮ್ಮ ದತ್ತಾಂಶವನ್ನು ಸಂಶೋಧನೆಗೆ ಬಳಸಲು ಅನುಮತಿ ಕೊಡಿ, ವಿವರಗಳಿದ್ದರೆ ದಯವಿಟ್ಟು ಕಳುಹಿಸಿ.’ ಮರುದಿನವೇ ‘ಆಗಲಿ, ಬಳಸಿಕೊಳ್ಳಿ’ ಎಂದು ಉತ್ತರ ಬಂತು. ವಿವರಗಳು ಬರಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮೊದಲ ಪೆಟ್ಟು `wl` ಎಂಬ ಕಾಲಮ್ಮಿನಿಂದ ಬಿತ್ತು. ಅದು ನೆಲಮಟ್ಟದಿಂದ ನೀರಿನವರೆಗಿನ ಆಳ, ಮೀಟರುಗಳಲ್ಲಿದೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಒಂದು ದಿನ ಪಟ್ಟಿಯಲ್ಲಿದ್ದ ಬಾವಿಯೊಂದರ ಬಳಿಗೆ ಹೋದಾಗ, ಅಳತೆಗೆ ಬರುತ್ತಿದ್ದವರು ಟೇಪನ್ನು ಎಲ್ಲಿಂದ ಇಳಿಬಿಡುತ್ತಿದ್ದರೆಂದು ರೈತರನ್ನು ಕೇಳಿದೆ. ಅವರು ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಎಳೆದಿದ್ದ ಗೆರೆಯನ್ನು ತೋರಿಸಿದರು. ಗೆರೆ ನೆಲದಿಂದ 0.8 ಮೀಟರು ಎತ್ತರದಲ್ಲಿತ್ತು. ಅಂದರೆ ಪಟ್ಟಿಯಲ್ಲಿ 2.3 ಎಂದಿದ್ದ ಕಡೆ ನೆಲದಿಂದ ಇರುವ ನಿಜವಾದ ಆಳ 1.5 ಮೀಟರು ಮಾತ್ರ. ನಮ್ಮ ದೇಶದಲ್ಲಿ ನೀರು ನೆಲದಿಂದ 2 ಮೀಟರಿನೊಳಗೆ ಬಂದರೆ ಆ ಭೂಮಿಯನ್ನು ಜವಳೆಂದೂ 2ರಿಂದ 3 ಮೀಟರಿನ ನಡುವೆ ಇದ್ದರೆ ಜವಳಾಗುವ ಸಂಭವವಿದೆಯೆಂದೂ ಎಣಿಸುವ ರೂಢಿಯಿರುವುದರಿಂದ, ಕಟ್ಟೆಯ ಎತ್ತರವನ್ನು ಕಳೆಯದ ನನ್ನ ನಕ್ಷೆಯಲ್ಲಿ ಆಗಲೇ ಜವಳಾಗಿದ್ದ ಹೊಲಗಳು ಇನ್ನೂ ಜವಳಾಗಿಲ್ಲವೆಂಬಂತೆ ಕಾಣುತ್ತಿದ್ದವು. ನಾನು ಮಾಡಬೇಕಿದ್ದ ಲೆಕ್ಕ ಇದು:

```
depth_bgl = wl - mp_ht
```

ಇದರಲ್ಲಿ `depth_bgl` ಎಂದರೆ ನೆಲಮಟ್ಟದಿಂದ ನೀರಿನವರೆಗಿನ ನಿಜವಾದ ಆಳ, `mp_ht` ಎಂದರೆ ಗುರುತಿನ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. `mp_ht` ಕಾಲಮ್ಮು ಪಟ್ಟಿಯಲ್ಲಿ ಇರಲೇ ಇಲ್ಲ.

ಸೊನ್ನೆಗಳ ಕಥೆ ಇದಕ್ಕಿಂತ ಮೋಸದ್ದು. ಲಿಂಗಸುಗೂರು ಕಡೆಯ ಒಣಭೂಮಿಯ ಬಾವಿಯಲ್ಲಿ ಮೇ ತಿಂಗಳಿಗೆ 0 ಎಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಭತ್ತದ ಗದ್ದೆಗಳ ನಡುವಿನ ಸಿಂಧನೂರಿನ ಬಾವಿಯಲ್ಲಿ 0 ಎಂದರೆ ನೀರು ಬಾಯಿವರೆಗೆ ಬಂದಿದೆಯೆಂದು ನಂಬುವುದು ಸುಲಭ, ನಾನೂ ನಂಬಿದೆ. ಅಳೆಯಲು ಹೋದವರು ಬಾವಿ ಒಣಗಿದ್ದಾಗಲೂ ತೋಟದ ಗೇಟಿಗೆ ಬೀಗ ಹಾಕಿದ್ದಾಗಲೂ 0 ಎಂದೇ ಬರೆದಿದ್ದರೆಂದು ತಿಳಿದದ್ದು ಬಹಳ ತಡವಾಗಿ.

ಅನುಮತಿಯ ವಿಷಯ ಕೆಟ್ಟದ್ದು ಕೊನೆಯಲ್ಲಿ. ಲೇಖನವನ್ನು ಒಪ್ಪಿಕೊಂಡ ಪತ್ರಿಕೆಯವರು ದತ್ತಾಂಶವನ್ನೂ ಸಾರ್ವಜನಿಕವಾಗಿ ಇಡಬೇಕೆಂದು ಕೇಳಿದರು. ಬಳಸಲು ಅನುಮತಿ ಸಿಕ್ಕಿದೆಯೆಂದರೆ ಹಂಚಲೂ ಸಿಕ್ಕಿದೆಯೆಂದು ತಿಳಿದು, ಆ ಹಿರಿಯರಿಗೆ ಫೋನ್ ಮಾಡಿ ತಿಳಿಸಿದಾಗ ಅವರು, ‘ಅದು ನಂದಲ್ರೀ ಸರ, ಯೋಜನಾಕ್ಕ ದುಡ್ಡು ಕೊಟ್ಟವ್ರದು, ಅವ್ರನ್ನ ಕೇಳದ ನಾ ಹ್ಯಾಂಗ ಹೇಳ್ಲಿ?’ ಎಂದರು. ಅವರದೇನೂ ತಪ್ಪಿರಲಿಲ್ಲ. ದತ್ತಾಂಶದ ಹಕ್ಕು ಯಾರದೆಂದು ನಾನು ಅವರನ್ನು ಕೇಳಿಯೇ ಇರಲಿಲ್ಲ. ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಎರಡನೆಯ ಇಮೇಲನ್ನು ಬರೆಯಲು ನನಗೆ ಒಂದು ಸಂಜೆಯೇ ಹಿಡಿಯಿತು. ಕಡತದ ಹೆಸರನ್ನೂ ಇಳಿಸಿಕೊಂಡ ದಿನಾಂಕವನ್ನೂ ಬರೆದು, ಅನುಮತಿಯ ಭಾಗವನ್ನು ಹೀಗೆ ಇಟ್ಟೆ: ‘ಈ ಪಟ್ಟಿಯ ಹಕ್ಕು ತಮ್ಮದೋ ಸಂಸ್ಥೆಯದೋ ಹಣ ಕೊಟ್ಟವರದೋ ತಿಳಿಸಿರಿ. ಇದರಿಂದ ನಕ್ಷೆ ಮಾಡಿ ಪ್ರಕಟಿಸಲು, ಮೂಲ ಪಟ್ಟಿಯನ್ನು ಹಾಗೆಯೇ ಮರುಪ್ರಕಟಿಸಲು ಮತ್ತು ತಿದ್ದಿದ ಪಟ್ಟಿಯನ್ನು ಹಂಚಲು ಒಪ್ಪಿಗೆಯಿದೆಯೇ ಎಂಬುದಕ್ಕೆ ಬೇರೆಬೇರೆಯಾಗಿ ಉತ್ತರಿಸಿರಿ.’ ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡವೆನ್ನಲು ಅವರಿಗೆ ದಾರಿಯಿರಲಿ ಎಂಬುದೇ ಈ ವಿಂಗಡಣೆಯ ಉದ್ದೇಶ. CC BY 4.0 ಲೈಸೆನ್ಸ್ ಹಾಕಿದರೆ ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು ಎಂಬುದನ್ನೂ ಅದರಲ್ಲೇ ವಿವರಿಸಿದೆ. ಅದು ತಿಳಿಯದೆ ಅವರು ಒಪ್ಪಿದರೆ ಮುಂದೆ ಮತ್ತೆ ಮುನಿಸು.

ವಿವರಣೆಗಳನ್ನು ಕೇಳುವಾಗಲೂ ‘ವಿವರಗಳಿದ್ದರೆ’ ಎಂಬ ಮಾತನ್ನು ಬಿಟ್ಟೆ. ‘`wl` ಅನ್ನು ಕಟ್ಟೆಯಿಂದ ಅಳೆದಿರೋ ನೆಲದಿಂದಲೋ? ಬಾವಿವಾರು ಕಟ್ಟೆಯ ಎತ್ತರ ಬರೆದಿಟ್ಟ ಪುಸ್ತಕವಿದೆಯೇ? 14ನೇ ಸಾಲಿನ 0 ಒಣ ಬಾವಿಯೋ, ಅಳೆಯದೆ ಬಿಟ್ಟದ್ದೋ, ನಿಜವಾದ ಅಳತೆಯೋ?’ ಎಂದು ಸಾಲನ್ನೇ ಎತ್ತಿ ಕೇಳಿದೆ. ಪುಸ್ತಕದ ಪುಟಗಳ ಫೋಟೋ ಕಳುಹಿಸಿದರೂ ಸಾಕು, ಟೈಪ್ ಮಾಡಿ ಪಟ್ಟಿಗೆ ಸೇರಿಸುವ ಕೆಲಸ ನನ್ನದು ಎಂದೂ ಬರೆದೆ.

ನಾಲ್ಕನೆಯ ದಿನ ಪೆನ್ಸಿಲಿನಲ್ಲಿ ಬರೆದ ಹನ್ನೊಂದು ಪುಟಗಳ ಫೋಟೋಗಳು ಬಂದವು, ಜೊತೆಗೆ ಹಣ ಕೊಟ್ಟವರ ಕಚೇರಿಯ ವಿಳಾಸವೂ ಇತ್ತು. ಆ ಕಚೇರಿ ನಕ್ಷೆಯ ಪ್ರಕಟಣೆಗೆ ಲಿಖಿತವಾಗಿ ಒಪ್ಪಿತು, ಮೂಲ ಪಟ್ಟಿಯ ಹಂಚಿಕೆಗೆ ಒಪ್ಪಲಿಲ್ಲ. ಆರು ಬಾವಿಗಳ ಕಟ್ಟೆಯ ಎತ್ತರ ಪುಸ್ತಕದಲ್ಲೂ ಇರಲಿಲ್ಲ. ಅವುಗಳಲ್ಲಿ ನಾಲ್ಕನ್ನು ನಾನೇ ಹೋಗಿ ಅಳೆದು ಬಂದೆ. ಉಳಿದ ಎರಡನ್ನು ಮಣ್ಣು ಹಾಕಿ ಮುಚ್ಚಿಬಿಟ್ಟಿದ್ದಾರೆ, ಅವು ಈಗ ನಕ್ಷೆಯಲ್ಲಿಲ್ಲ.