ತಿಂಗಳ ಸಲಹಾಪತ್ರದ ಅನುವಾದಕ್ಕೆ ಕ್ಲಾಡ್ ಪ್ರಾಜೆಕ್ಟ್: ಒಂದೂವರೆ ವರ್ಷದ ಬಳಕೆ

ಭತ್ತದ ಬೆಳೆಗಾರರಿಗೆ ಪ್ರತಿ ತಿಂಗಳು ಹೋಗುವ ಎಂಟು ಪುಟದ ಸಲಹಾಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಮೊದಲ ಕರಡಿಗೆ ಕ್ಲಾಡ್ ಎಂಬ ಎಐ ಸಹಾಯಕವನ್ನು ಬಳಸುತ್ತೇನೆ. ಆರಂಭದಲ್ಲಿ ಪ್ರತಿ ಸಲವೂ ಹೊಸ ಸಂಭಾಷಣೆ ತೆರೆದು, ನೆನಪಿಗೆ ಬಂದಷ್ಟು ಪದಗಳನ್ನು ಟೈಪಿಸಿ ಕೊಡುತ್ತಿದ್ದೆ. ಒಂದು ತಿಂಗಳು ‘ತೆಂಡೆ’ ಆಗಿದ್ದದ್ದು ಮರುತಿಂಗಳು ‘ಕವಲು’ ಆಗುತ್ತಿತ್ತು. ಎರಡೂ ಒಂದೇನಾ ಎಂದು ರೈತರೊಬ್ಬರು ಫೋನ್ ಮಾಡಿ ಕೇಳಿದ ದಿನ ನಿಜಕ್ಕೂ ನಾಚಿಕೆಯಾಯಿತು.

ಕಡತಗಳನ್ನೂ ಸೂಚನೆಗಳನ್ನೂ ಒಮ್ಮೆ ಇಟ್ಟರೆ ಅದರೊಳಗಿನ ಪ್ರತಿ ಸಂಭಾಷಣೆಗೂ ಸಿಗುವಂತೆ ಮಾಡುವ ಪ್ರಾಜೆಕ್ಟ್ ಸೌಲಭ್ಯ ಬಂದದ್ದು 2024ರ ಜೂನ್‌ನಲ್ಲಿ. ನಾನು ಅದರೊಳಗೆ ಇಟ್ಟಿರುವುದು ಪದಪಟ್ಟಿ, ಒಂದು ಪುಟದ ಬರವಣಿಗೆಯ ನಿಯಮಗಳು ಮತ್ತು ಅಚ್ಚಾದ ಎರಡು ಹಳೆಯ ಸಂಚಿಕೆಗಳು, ಇಷ್ಟೇ. ಪಟ್ಟಿಯಲ್ಲಿ ಇಲ್ಲದ ಪದ ಬಂದರೆ ಊಹಿಸದೆ ಗುರುತು ಹಾಕಬೇಕು ಎಂದು ಸೂಚನೆಯಲ್ಲಿ ಬರೆದಿದ್ದೇನೆ. ತಿದ್ದುವ ಸಮಯ ಉಳಿದದ್ದು ಹೆಚ್ಚಾಗಿ ಈ ಒಂದು ಸಾಲಿನಿಂದ.

ಹಳೆಯ ಸಂಚಿಕೆಗಳನ್ನು ಏರಿಸುವಾಗಲೇ ಮೊದಲ ಎಡವಟ್ಟು ಆಯಿತು. ಅವು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡ, ಒಳಗೆ ಮಾತ್ರ ಬರೀ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಏರಿಸುವ ಮುನ್ನ ಒಂದು ಪ್ಯಾರಾವನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಕನ್ನಡವೇ ಕಾಣಿಸದಿದ್ದರೆ ಕಡತವನ್ನು ಯೂನಿಕೋಡ್‌ಗೆ ಬದಲಿಸಬೇಕು, ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ನೋಡಬೇಕು.

ಎರಡನೆಯ ತಪ್ಪು ಪೂರ್ತಿ ನನ್ನದೇ. ಹಿಂದೆ ‘ಬ್ಲಾಸ್ಟ್ ರೋಗ’ ಎನ್ನುತ್ತಿದ್ದೆವು; ರೈತರ ಬಾಯಲ್ಲಿರುವ ‘ಬೆಂಕಿ ರೋಗ’ವೇ ಇರಲಿ ಎಂದು ಪಟ್ಟಿಯನ್ನು ತಿದ್ದಿದೆ. ಹೊಸ ಪಟ್ಟಿಯನ್ನು ಏರಿಸಿದೆ, ಹಳೆಯದನ್ನು ಅಳಿಸಲಿಲ್ಲ. ಆ ತಿಂಗಳ ಕರಡಿನ ಮೂರನೆಯ ಪುಟದಲ್ಲಿ ಬೆಂಕಿ ರೋಗ, ಐದನೆಯದರಲ್ಲಿ ಬ್ಲಾಸ್ಟ್ ರೋಗ! ಒಂದೇ ಕರಡಿನಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು ಕಂಡರೆ ಪ್ರಾಜೆಕ್ಟಿನೊಳಗೆ ಎರಡು ಕಡತಗಳು ಒಂದಕ್ಕೊಂದು ವಿರುದ್ಧ ಹೇಳುತ್ತಿವೆಯೇ ಎಂದು ಮೊದಲು ನೋಡಿ. ಈಗ ಪದಪಟ್ಟಿ ಒಂದೇ, ಹೆಸರಿನಲ್ಲಿ ತಿಂಗಳು ಮತ್ತು ವರ್ಷ ಇರುತ್ತದೆ. ಹೊಸದು ಒಳಗೆ ಹೋಗುವ ದಿನವೇ ಹಳೆಯದು ಹೊರಗೆ. ಹಳೆಯ ಸಂಚಿಕೆಗಳಲ್ಲಿಯೂ ಆ ಪದವನ್ನು ಹುಡುಕಿ ತಿದ್ದಿದೆ.

ಸಂಭಾಷಣೆಯ ನಡುವೆ ಮಾಡಿದ ತಿದ್ದುಪಡಿಯನ್ನು ಅಲ್ಲಿಗೇ ಬಿಡುವುದಿಲ್ಲ. ‘ಸಸಿಮಡಿ’ ಎಂದು ಒಮ್ಮೆ ಸರಿಪಡಿಸಿದರೆ ಅದೇ ಸಂಜೆ ಪದಪಟ್ಟಿಗೆ ಸೇರಿಸುತ್ತೇನೆ. ತಿಂಗಳಿಗೆ ಆರೇಳು ಪದ, ಹತ್ತು ನಿಮಿಷದ ಕೆಲಸ.

ಗೊಬ್ಬರದ ಪ್ರಮಾಣವನ್ನು ಮಾತ್ರ ಕ್ಲಾಡ್‌ಗೆ ಬಿಟ್ಟಿಲ್ಲ. ಮೂಲದಲ್ಲಿ ಹೆಕ್ಟೇರಿನ ಲೆಕ್ಕ, ನಮ್ಮ ಪತ್ರದಲ್ಲಿ ಎಕರೆಯ ಲೆಕ್ಕ. ಒಂದು ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ, ಹಾಗಾಗಿ ಹೆಕ್ಟೇರಿಗೆ 100 ಕಿಲೋ ಸಾರಜನಕ ಎಂದಿದ್ದರೆ ಎಕರೆಗೆ ಸುಮಾರು 40 ಕಿಲೋ. ಸೂತ್ರ ಕಡತದಲ್ಲಿದ್ದರೂ ಪ್ರತಿ ಅಂಕಿಯನ್ನೂ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು, ಕ್ಯಾಲ್ಕುಲೇಟರ್ ಹಿಡಿದು ನಾನೇ ನೋಡುತ್ತೇನೆ.