ಫಾಲ್ಟ್ ಕರೆಂಟ್ ಹರಿದ ಟ್ರಾನ್ಸ್‌ಫಾರ್ಮರ್‌ಗೆ ಇಂಪಿಡೆನ್ಸ್ ಟೆಸ್ಟೋ, ಎಸ್‌ಎಫ್‌ಆರ್‌ಎನೋ?

ಮಾಲೂರು ಕಡೆಯ ಒಂದು 66/11 ಕೆ.ವಿ. ಸ್ಟೇಷನ್. 11 ಕೆ.ವಿ. ಫೀಡರ್‌ನಲ್ಲಿ ಹತ್ತಿರದಲ್ಲೇ ಶಾರ್ಟ್ ಆಗಿ, ಟ್ರಾನ್ಸ್‌ಫಾರ್ಮರ್ ಮೂಲಕ ಭಾರಿ ಕರೆಂಟ್ ಹರಿದಿತ್ತು. ವೈಂಡಿಂಗ್ ಅಲುಗಿದೆಯೇ ಎಂಬುದೇ ಪ್ರಶ್ನೆ.

ಇಂಪಿಡೆನ್ಸ್ ಟೆಸ್ಟ್ ಅಗ್ಗ. 11 ಕೆ.ವಿ. ಕಡೆ ಶಾರ್ಟ್ ಮಾಡಿ, 66 ಕೆ.ವಿ. ಕಡೆ ಕಡಿಮೆ ವೋಲ್ಟೇಜ್ ಕೊಟ್ಟು ಅಳೆದರೆ ಮುಗಿಯಿತು. ಮೊದಲು ಶೇ. 10 ಇದ್ದದ್ದು ಬಿ ಫೇಸ್‌ನಲ್ಲಿ 10.15 ಬಂತು. ಅಂದರೆ ಶೇ. 1.5 ಬದಲಾವಣೆ. ಈ ಗಾತ್ರದ ಟ್ರಾನ್ಸ್‌ಫಾರ್ಮರ್‌ಗೆ ಸಾಮಾನ್ಯ ಮಿತಿ ಶೇ. 2, ಹಾಗಾಗಿ ಪಾಸ್. ಆದರೆ ಇದು ಇಡೀ ಫೇಸ್‌ಗೆ ಒಂದೇ ಸಂಖ್ಯೆ. ವೈಂಡಿಂಗ್‌ನ ಒಂದೆರಡು ಡಿಸ್ಕ್ ಓರೆಯಾದರೆ ಅದರಲ್ಲಿ ಮುಚ್ಚಿಹೋಗಬಹುದು.

ಎಸ್‌ಎಫ್‌ಆರ್‌ಎ, ಅಂದರೆ ಸ್ವೀಪ್ ಫ್ರೀಕ್ವೆನ್ಸಿ ರೆಸ್ಪಾನ್ಸ್ ಅನಾಲಿಸಿಸ್, ವೈಂಡಿಂಗ್ ಮೂಲಕ 20 ಹರ್ಟ್ಸ್‌ನಿಂದ ಸುಮಾರು 2 ಮೆಗಾಹರ್ಟ್ಸ್‌ವರೆಗೆ ಸಿಗ್ನಲ್ ಹಾಯಿಸಿ ವಕ್ರರೇಖೆ ಬರೆಯುತ್ತದೆ. ಇದರ ಉಪಯೋಗವೆಲ್ಲ ಅದೇ ಟ್ರಾನ್ಸ್‌ಫಾರ್ಮರ್‌ಗೆ ಮೊದಲು ತೆಗೆದಿಟ್ಟ ಹಳೆಯ ರೇಖೆಯ ಮೇಲೆ ನಿಂತಿದೆ. ನಮ್ಮ ಮೊದಲ ಹೋಲಿಕೆಯಲ್ಲಿ ಮೂರೂ ಫೇಸ್ ಕೆಟ್ಟಂತೆ ಕಂಡವು! ಫೈಲ್ ನೋಡಿದರೆ ಹಳೆಯದು ಟ್ಯಾಪ್ 1ರಲ್ಲಿ ತೆಗೆದದ್ದು, ನಾವಿದ್ದದ್ದು 5ರಲ್ಲಿ. ಟ್ಯಾಪ್ ಬದಲಿಸಿ, ಬುಶಿಂಗ್ ಬುಡದ ಬಣ್ಣ ಕೆರೆದು ಅರ್ಥ್ ಪಟ್ಟಿ ಬಿಗಿದೆವು. ಆರ್, ವೈ ಹಳೆಯದರ ಮೇಲೇ ಕೂತವು. ಬಿ ಫೇಸ್‌ನಲ್ಲಿ ಮಾತ್ರ 90 ಕಿಲೋಹರ್ಟ್ಸ್ ಹತ್ತಿರದ ಶಿಖರ 82ಕ್ಕೆ ಸರಿದಿತ್ತು. ಮತ್ತೆ ತೆಗೆದರೂ ಅದೇ. ಒಳಗೆ ಇಣುಕಿ ನೋಡಲು ಅಷ್ಟು ಸಾಕಾಯಿತು.

2 ಕಿಲೋಹರ್ಟ್ಸ್‌ಗಿಂತ ಕೆಳಗಷ್ಟೇ ವ್ಯತ್ಯಾಸ ಕಂಡರೆ ಗಾಬರಿ ಬೇಡ: ಕೋರ್‌ನಲ್ಲಿ ಉಳಿದ ಕಾಂತತ್ವ ಹಾಗೆ ಮಾಡುತ್ತದೆ, ಡೀಮ್ಯಾಗ್ನೆಟೈಸ್ ಮಾಡಿ ಇನ್ನೊಮ್ಮೆ ನೋಡಿ.

ಇಂಪಿಡೆನ್ಸ್ ಬದಲಾವಣೆ ಶೇ. 2 ದಾಟಿದರೆ ವಾದವಿಲ್ಲ, ಚಾರ್ಜ್ ಮಾಡಬೇಡಿ. ದಾಟದಿದ್ದರೆ, ಹಳೆಯ ರೇಖೆ ಇದ್ದಲ್ಲಿ, ಎಸ್‌ಎಫ್‌ಆರ್‌ಎಗೇ ನನ್ನ ಓಟು. ಹಳೆಯದಿಲ್ಲದಿದ್ದರೆ ಆರ್, ಬಿ ಫೇಸ್‌ಗಳನ್ನು ಒಂದಕ್ಕೊಂದು ಹೋಲಿಸಿ. ನಡುವಿನ ವೈ ಕೆಳ ಆವರ್ತನದಲ್ಲಿ ಸಹಜವಾಗಿಯೇ ಬೇರೆ.