ಇಂಗ್ಲೆಂಡಿನ ಶಾಲೆಯ ಸುತ್ತೋಲೆ ಓದಲು ಮೂರು ದಾರಿ: ಯಾವುದರಲ್ಲಿ ಏನು ತಪ್ಪುತ್ತದೆ?

ಕುಮಟಾ, ಹೊನ್ನಾವರ, ಶಿರಸಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದ ಮನೆಗಳಲ್ಲಿ ಈಗ ಇದು ಸಾಮಾನ್ಯ. ಸಂಜೆ ಮಗುವಿನ ಚೀಲದಿಂದ ಮಡಚಿದ ಕಾಗದವೊಂದು ಹೊರಬರುತ್ತದೆ. ತಾಯಿ ಅದರ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿ, "ಇದರಲ್ಲಿ ಎಂತ ಬರೆದಿದ್ದಾರೆ ಸ್ವಲ್ಪ ನೋಡಿ ಹೇಳು ಭಾವ" ಎನ್ನುತ್ತಾಳೆ. ಅಲ್ಲಿ ಸಂಜೆ ನಾಲ್ಕು ಗಂಟೆಯಾದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆ. ಮರುದಿನ ಬೆಳಿಗ್ಗೆ ಸ್ಲಿಪ್ ವಾಪಸ್ ಹೋಗಬೇಕು.

ಒಂದೇ ಸುತ್ತೋಲೆಯನ್ನು ಮೂರು ರೀತಿಯಲ್ಲಿ ಓದಿಸಿ ನೋಡಿದ್ದೇವೆ. ಒಂದು, ಫೋಟೊ ಮೇಲೆಯೇ ಕನ್ನಡ ಮೂಡಿಸುವ ಆ್ಯಪ್. ಎರಡು, ಫೋಟೊದಿಂದ ಅಕ್ಷರಗಳನ್ನು ನಕಲು ಮಾಡಿಕೊಂಡು ಪ್ಯಾರಾ ಪ್ಯಾರಾ ಅನುವಾದಿಸುವುದು. ಮೂರು, ಇಂಗ್ಲಿಷ್ ಬಲ್ಲವರೊಬ್ಬರು ಓದಿ ವಾಯ್ಸ್ ಮೆಸೇಜ್ ಕಳಿಸುವುದು. ನೋಡಿದ್ದು ಪ್ರಾಥಮಿಕ ಶಾಲೆಯ ಇಯರ್ 2 ತರಗತಿಯ ಪತ್ರ: ಮಾರ್ಚ್ 5ಕ್ಕೆ ಪುಸ್ತಕ ದಿನದ ವೇಷ, ಮಾರ್ಚ್ 11ಕ್ಕೆ ಹತ್ತಿರದ ಫಾರ್ಮಿಗೆ ಪ್ರವಾಸ, ಕೆಳಗೆ ಹರಿದು ಕೊಡುವ ಅನುಮತಿ ಚೀಟಿ. ಅಂದಹಾಗೆ ಇಯರ್ 2 ಎಂದರೆ ನಮ್ಮ ಎರಡನೇ ಕ್ಲಾಸಲ್ಲ. ಅಲ್ಲಿ ಆರು ತುಂಬಿ ಏಳಕ್ಕೆ ಹೋಗುವ ಮಕ್ಕಳು ಅದರಲ್ಲಿರುತ್ತಾರೆ, ವಯಸ್ಸಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಮ್ಮ ಒಂದನೇ ಕ್ಲಾಸು. ಚೀಟಿಯಲ್ಲಿ ಕ್ಲಾಸ್ ಬರೆಯುವಾಗ ಊರಿನ ಲೆಕ್ಕ ಹಾಕಬಾರದು.

ಯಾವ ದಾರಿಗೂ ಫೋಟೊ ಸರಿಯಾಗಿರಬೇಕು. ಮಡಿಕೆ ಬಿಡಿಸಿ ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ನೆತ್ತಿಯ ಮೇಲಿಂದ ನೇರವಾಗಿ ತೆಗೆಯಿರಿ. ಮಡಿಕೆಯ ಗೆರೆ ಸರಿಯಾಗಿ ದಿನಾಂಕದ ಮೇಲೆ ಬಂದರೆ 3 ಎಂಬುದು 8 ಆಗಿ ಓದಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಹಾಗೇ ಕಳಿಸಿದರೆ ಅದು ಕುಗ್ಗುತ್ತದೆ, ಅಡಿಯ ಸಣ್ಣಕ್ಷರದ ಟಿಪ್ಪಣಿ ಮಸುಕಾಗುತ್ತದೆ. ಎಚ್‌ಡಿ ಆಯ್ಕೆ ಒತ್ತಿ ಕಳಿಸಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಹಿಂಬದಿಯ ಫೋಟೊ ಮರೆಯಬೇಡಿ. ಚೀಟಿ ಬಹಳ ಸಲ ಹಿಂದೆಯೇ ಇರುತ್ತದೆ.

ಫೋಟೊ ಮೇಲೆ ಕನ್ನಡ ಮೂಡಿಸುವ ಆ್ಯಪ್ ಅತಿ ವೇಗದ್ದು. ಪತ್ರ ಯಾವುದರ ಬಗ್ಗೆ, ಹಣ ಕೇಳಿದ್ದಾರೋ, ಸಹಿ ಬೇಕೋ ಎಂಬುದು ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಆದರೆ ದಿನಾಂಕದ ಕೋಷ್ಟಕ ಬಂದಲ್ಲಿ ಅದನ್ನು ನಂಬಲಾಗದು. ಎಡಗಡೆ ತಾರೀಕು, ಬಲಗಡೆ ಕಾರ್ಯಕ್ರಮ ಇರುವ ಕಡೆ ಕನ್ನಡದ ಸಾಲು ಇಂಗ್ಲಿಷಿಗಿಂತ ಉದ್ದವಾಗಿ ಪಕ್ಕದ ಸಾಲಿಗೆ ತಾಗುತ್ತದೆ, ಅಕ್ಷರ ಕುಗ್ಗುತ್ತದೆ, ಒಂದು ಕಾರ್ಯಕ್ರಮ ಮೇಲಿನ ತಾರೀಕಿನ ಎದುರು ಕುಳಿತಂತೆ ಕಾಣುತ್ತದೆ. ಪತ್ತೆ ಹಚ್ಚುವುದು ಸುಲಭ: ಮೂಲದಲ್ಲಿ ಎಷ್ಟು ತಾರೀಕು ಇವೆ, ಅನುವಾದದಲ್ಲಿ ಎಷ್ಟು ಇವೆ ಎಂದು ಎಣಿಸಿ. ಒಂದು ಕಡಿಮೆಯಾದರೂ ಆ ಕೋಷ್ಟಕವನ್ನು ಬಿಟ್ಟು ಮೂಲವನ್ನೇ ನೋಡಿ. ಟಿಕ್ ಹಾಕುವ ಚೌಕಗಳು ಕನ್ನಡದ ಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗುವುದೂ ಉಂಟು.

ಅಕ್ಷರ ನಕಲು ಮಾಡಿ ಅನುವಾದಿಸುವ ದಾರಿಗೆ ಹತ್ತು ನಿಮಿಷ ಬೇಕು, ಆದರೆ ತಾರೀಕಿಗೆ ಇದೇ ಉತ್ತಮ. ಇಂಗ್ಲಿಷ್ ಸಾಲು ಮೇಲೆ, ಕನ್ನಡ ಕೆಳಗೆ ಇಟ್ಟುಕೊಂಡು ಅಂಕಿಗಳನ್ನು ಒಂದೊಂದಾಗಿ ಹೊಂದಿಸಿ ನೋಡಬಹುದು. ಅನುವಾದಕ್ಕೆ ಹಾಕುವ ಮೊದಲು ಅರ್ಧಕ್ಕೆ ಮುರಿದ ಸಾಲುಗಳನ್ನು ಕೂಡಿಸಲೇಬೇಕು. ಸಾಲಿನ ಕೊನೆಗೆ "ನಾಟ್" ಬಂದು ಕ್ರಿಯಾಪದ ಮುಂದಿನ ಸಾಲಿಗೆ ಹೋಗಿದ್ದರೆ, ಕೂಡಿಸದೆ ಹಾಕಿದಾಗ ಬೇಡ ಎಂದದ್ದು ಬೇಕು ಎಂದಾಗುತ್ತದೆ. ಹಣದ ಚುಕ್ಕಿಯನ್ನೂ ನೋಡಿ. ಮೂರೂವರೆ ಪೌಂಡಿನ ಚುಕ್ಕಿ ಬಿದ್ದುಹೋದರೆ 350 ಆಗಿ ಕಾಣುತ್ತದೆ.

ತಾರೀಕಿನ ವಿಷಯದಲ್ಲಿ ಇನ್ನೊಂದು ಅಪಾಯ ಫೋನಿನದೇ. ಇಂಗ್ಲೆಂಡಿನವರು ನಮ್ಮ ಹಾಗೇ ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತಾರೆ. ಪತ್ರದ 05/03 ಎಂದರೆ ಮಾರ್ಚ್ 5. ಆದರೆ ಫೋನಿನ ಭಾಷೆ ಅಮೆರಿಕದ ಇಂಗ್ಲಿಷಿಗೆ ಹೊಂದಿಸಿದ್ದರೆ, ಆ ಅಂಕಿಯ ಮೇಲೆ ಒತ್ತಿ ಕ್ಯಾಲೆಂಡರಿಗೆ ಸೇರಿಸುವಾಗ ಅದು ಮೇ 3 ಆಗಿಬಿಡಬಹುದು. ವಾರದ ಹೆಸರಿನಿಂದ ತಾಳೆ ನೋಡಿ. 2026ರ ಮಾರ್ಚ್ 5 ಗುರುವಾರ, ಮೇ 3 ಭಾನುವಾರ. ಭಾನುವಾರ ಶಾಲೆಯೇ ಇಲ್ಲ. ಅಲ್ಲಿ ವಿಶ್ವ ಪುಸ್ತಕ ದಿನವನ್ನು ಮಾರ್ಚಿನ ಮೊದಲ ಗುರುವಾರದ ಆಸುಪಾಸಿಗೆ ಇಡುವುದೇ ರೂಢಿ, ಹಾಗಾಗಿ ಈ ಸಂಶಯ ಅಲ್ಲೇ ಮುಗಿಯುತ್ತದೆ.

ತಾರೀಕಿನ ಹಾಗೆ ಕಾಣದ ತಾರೀಕುಗಳೂ ಇವೆ, ಇವು ಎರಡೂ ಆ್ಯಪುಗಳಲ್ಲಿ ಕೈಕೊಡುತ್ತವೆ. ಅಂಕಿಯ ಹಿಂದೆ ಡಬ್ಲ್ಯು/ಸಿ ಎಂದಿದ್ದರೆ ಆ ತಾರೀಕಿನಿಂದ ಶುರುವಾಗುವ ವಾರ ಎಂದರ್ಥ, ಆ ಒಂದೇ ದಿನವಲ್ಲ. ಇನ್ಸೆಟ್ ಡೇ ಎಂದರೆ ಶಿಕ್ಷಕರಿಗೆ ತರಬೇತಿ, ಮಕ್ಕಳಿಗೆ ರಜೆ. ಶಾಲೆ "ಬ್ರೇಕ್ ಅಪ್" ಆಗುತ್ತದೆ ಎಂದರೆ ಟರ್ಮ್ ಮುಗಿದು ರಜೆ ಸಿಗುವ ದಿನ. ಅದನ್ನು ಆ್ಯಪ್ ಒಡೆದುಹೋಗುವುದು, ಬೇರ್ಪಡುವುದು ಎಂದೆಲ್ಲ ಕೊಟ್ಟಿತು. ಆ ದಿನ ಶಾಲೆ ಬೇಗ ಬಿಡುವ ರೂಢಿ ಹಲವೆಡೆ ಇದೆ. ಪಕ್ಕದಲ್ಲಿ ಗಂಟೆ ಬರೆದಿದ್ದರೆ ಮಗುವನ್ನು ಕರೆತರುವ ಹೊತ್ತು ಅದೇ.

ಉಡುಪಿನ ಪ್ಯಾರಾದಲ್ಲಿ ಮನುಷ್ಯರೇ ಗೆದ್ದರು. ಇಂಗ್ಲೆಂಡಿನ ಬಟ್ಟೆಯ ಹೆಸರುಗಳು ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷಲ್ಲ. ಜಂಪರ್ ಎಂದರೆ ಸ್ವೆಟರ್, ವೆಸ್ಟ್ ಎಂದರೆ ಬನಿಯನ್, ಟ್ರೇನರ್ಸ್ ಎಂದರೆ ಸ್ಪೋರ್ಟ್ಸ್ ಶೂ, ವೆಲ್ಲೀಸ್ ಎಂದರೆ ಮಳೆಗಾಲದ ಗಂಬೂಟು. ಪ್ಯಾಂಟ್ಸ್ ಎಂದರೆ ಒಳಚಡ್ಡಿ, ನಾವು ಪ್ಯಾಂಟು ಎನ್ನುವುದು ಅಲ್ಲಿ ಟ್ರೌಸರ್ಸ್. ಫೋಟೊ ಆ್ಯಪ್ ವೆಲ್ಲೀಸನ್ನು ಯಾರದೋ ಹೆಸರಿನಂತೆ ಹಾಗೇ ಬಿಟ್ಟಿತು. ಆ ಒಂದು ಪದ ತಪ್ಪಿದರೆ ಫಾರ್ಮಿನ ಕೆಸರಿಗೆ ಮಗು ಕರಿ ಶಾಲಾ ಶೂನಲ್ಲಿ ಹೋಗುತ್ತದೆ. ನಮ್ಮ ಪತ್ರದಲ್ಲಿ ಎರಡು ದಿನಕ್ಕೆ ಎರಡು ನಿಯಮ ಒಂದೇ ಪ್ಯಾರಾದಲ್ಲಿದ್ದವು: ಮಾರ್ಚ್ 5ಕ್ಕೆ ಪುಸ್ತಕದ ಪಾತ್ರದ ವೇಷ, ಪ್ರವಾಸದ ದಿನ ಪೂರ್ತಿ ಯೂನಿಫಾರ್ಮು, ಅದರ ಮೇಲೆ ನೀರು ಹಿಡಿಯದ ಕೋಟು, ಕಾಲಿಗೆ ಗಂಬೂಟು. ಎರಡನ್ನೂ ಬೇರೆ ಬೇರೆ ಸಾಲಾಗಿ ಬರೆದು ಕಳಿಸುವುದು ಒಳ್ಳೆಯದು. ವೇಷ ಕೊಂಡುತರಬೇಕೆಂದಿಲ್ಲ, ಮನೆಯಲ್ಲಿರುವ ಬಟ್ಟೆಯಲ್ಲೇ ಆಗುತ್ತದೆ ಎಂಬ ಸಾಲು ಪತ್ರದಲ್ಲಿದ್ದರೆ ಅದನ್ನೂ ಹೇಳಿ, ತಾಯಿಗೆ ಅನವಶ್ಯಕ ಖರ್ಚು ತಪ್ಪುತ್ತದೆ.

ಇನ್ನು ಅನುಮತಿ ಚೀಟಿ. ಇಲ್ಲಿ ಎರಡೂ ಆ್ಯಪುಗಳನ್ನು ಬದಿಗಿಡಿ. ಚೀಟಿಯ ಮುಖ್ಯ ಸಾಲು ಹೀಗಿರುತ್ತದೆ: ನನ್ನ ಮಗು ಹೋಗಲು ಅನುಮತಿ ಕೊಡುತ್ತೇನೆ / ಕೊಡುವುದಿಲ್ಲ, ಪಕ್ಕದಲ್ಲಿ ಒಂದು ನಕ್ಷತ್ರ. ಪುಟದ ಅಡಿಯ ನಕ್ಷತ್ರದಲ್ಲಿ "ಡಿಲೀಟ್ ಆ್ಯಸ್ ಅಪ್ರೋಪ್ರಿಯೇಟ್" ಎಂದಿರುತ್ತದೆ. ಬೇಡದ್ದನ್ನು ಗೆರೆ ಎಳೆದು ಹೊಡೆದುಹಾಕಿ ಎಂದು. ಫೋಟೊ ಆ್ಯಪಿನಲ್ಲಿ ಎರಡು ಆಯ್ಕೆಗಳು ಸೇರಿ ಒಂದೇ ವಾಕ್ಯವಾದವು. ನಮ್ಮಲ್ಲಿ ಬೇಕಾದ್ದಕ್ಕೆ ಟಿಕ್ ಹಾಕುವ ಅಭ್ಯಾಸ, ಅದೇ ಕೈ ಇಲ್ಲೂ ಓಡಿ ಬೇಕಾದ ಪದದ ಮೇಲೇ ಗೆರೆ ಬೀಳುತ್ತದೆ. ಕಳಿಸಬೇಕಾದ ಸೂಚನೆ ಇಷ್ಟು: "ಮಗು ಹೋಗುವುದಾದರೆ ಎರಡನೇ ಆಯ್ಕೆಯ ಮೇಲೆ ಗೆರೆ ಎಳೆ, ಮೊದಲನೆಯದನ್ನು ಮುಟ್ಟಬೇಡ."

ಅದರ ಕೆಳಗೆ ಫೋಟೊ ತೆಗೆಯುವ ಕುರಿತ ಚೌಕ. ಕೆಲವು ಶಾಲೆಯವರು ಒಪ್ಪಿಗೆ ಇದ್ದರೆ ಟಿಕ್ ಹಾಕಿ ಎನ್ನುತ್ತಾರೆ, ಕೆಲವರು ಬೇಡವಾದರೆ ಟಿಕ್ ಹಾಕಿ ಎನ್ನುತ್ತಾರೆ. ಇಂಗ್ಲಿಷ್ ವಾಕ್ಯದಲ್ಲಿ "ನಾಟ್" ಇದೆಯೇ ಎಂದು ಹುಡುಕಿದ ಮೇಲೆಯೇ ಹೇಳಿ. ನಂತರ ಊಟ. ಸರ್ಕಾರಿ ಹಣದಲ್ಲಿ ನಡೆಯುವ ಇಂಗ್ಲೆಂಡಿನ ಶಾಲೆಗಳಲ್ಲಿ ಇಯರ್ 1ಕ್ಕಿಂತ ಮೊದಲಿನ ರಿಸೆಪ್ಶನ್ ತರಗತಿ, ಇಯರ್ 1 ಮತ್ತು ಇಯರ್ 2 ಮಕ್ಕಳಿಗೆ ಮಧ್ಯಾಹ್ನದ ಊಟ ಉಚಿತ. ಹಾಗಾಗಿ ಪ್ರವಾಸದ ದಿನ ಶಾಲೆಯಿಂದಲೇ ಬುತ್ತಿ ಬೇಕೇ ಎಂದು ಕೇಳಿರುತ್ತಾರೆ, ಸಸ್ಯಾಹಾರದ ಚೌಕ ಬೇರೆ ಇರುತ್ತದೆ. ಮನೆಯಿಂದ ಕಳಿಸುವುದಾದರೆ "ನಟ್ ಫ್ರೀ" ಎಂಬ ಸಾಲನ್ನು ಒತ್ತಿ ಹೇಳಿ. ಶೇಂಗಾ ಚಿಕ್ಕಿ, ಊರಿಂದ ಕಟ್ಟಿಕೊಂಡು ಹೋದ ಗೋಡಂಬಿ, ಶೇಂಗಾ ಚಟ್ನಿಪುಡಿ ಹಚ್ಚಿದ ದೋಸೆ ಯಾವುದೂ ಬುತ್ತಿಗೆ ಹೋಗಬಾರದು. ಬೇರೊಂದು ಮಗುವಿಗೆ ಅಲರ್ಜಿ ಇದ್ದರೆ ಅದು ಜೀವಕ್ಕೇ ಬರುತ್ತದೆ.

ಹಣದ ಸಾಲಿನಲ್ಲಿ "ವಾಲಂಟರಿ ಕಾಂಟ್ರಿಬ್ಯೂಷನ್" ಎಂದಿದ್ದರೆ ಅದು ಸ್ವಇಚ್ಛೆಯ ವಂತಿಗೆ. ಶಾಲಾ ಅವಧಿಯ ಪ್ರವಾಸಕ್ಕೆ ಈ ಹಣ ಕೊಡಲಿಲ್ಲವೆಂದು ಅಲ್ಲಿನ ಸರ್ಕಾರಿ ಶಾಲೆ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಒಟ್ಟು ವಂತಿಗೆ ಸಾಲದೆ ಹೋದರೆ ಪ್ರವಾಸವೇ ರದ್ದಾಗಬಹುದು, ಅಷ್ಟೇ. ವಾಯ್ಸ್ ಮೆಸೇಜಿನಲ್ಲಿ ಇದನ್ನು ಬರೀ "ಫೀಸು" ಎಂದುಬಿಡುತ್ತಾರೆ, ಕೈ ಬಿಗಿಯಿರುವ ಮನೆಗೆ ಅದರಿಂದ ಸುಮ್ಮನೆ ಸಂಕಟ. ತುರ್ತು ಫೋನ್ ನಂಬರಿಗೆ ಊರಿನದು ಬೇಡ, ಹಗಲಲ್ಲಿ ಎತ್ತುವ ಅಲ್ಲಿನ ನಂಬರೇ ಬೇಕು. ಸಹಿ ತಾಯಿಯದು ಅಥವಾ ತಂದೆಯದು. ಮೂರು ತಿಂಗಳು ಇರಲು ಬಂದ ಅಜ್ಜಿಯ ಸಹಿ ನಡೆಯುವುದಿಲ್ಲ.

ವಾಯ್ಸ್ ಮೆಸೇಜಿಗೂ ತನ್ನದೇ ದೋಷವಿದೆ. ಓದುವವರು ತಮಗೆ ಮುಖ್ಯ ಎನಿಸಿದ್ದನ್ನಷ್ಟೇ ಹೇಳಿ ಉಳಿದದ್ದನ್ನು ಹಾರಿಸುತ್ತಾರೆ. ವಾರದ ನಂತರ ತಾರೀಕು ಮರೆತರೆ ನಾಲ್ಕು ನಿಮಿಷದ ಮಾತನ್ನು ಮತ್ತೆ ಕೇಳಬೇಕು. ಅದಕ್ಕೆ ಓದುವವರು ಒಂದು ಕ್ರಮ ಇಟ್ಟುಕೊಳ್ಳಬೇಕು: ಯಾವ ವಾರ ಯಾವ ತಾರೀಕು, ಏನು ಹಾಕಿಕೊಳ್ಳಬೇಕು, ಏನು ಒಯ್ಯಬೇಕು, ಎಷ್ಟು ಹಣ, ಚೀಟಿ ಯಾವಾಗ ಕೊಡಬೇಕು. ಕೊನೆಯದನ್ನೇ ಹೆಚ್ಚು ಬಿಡುತ್ತಾರೆ. ನಮ್ಮ ಪತ್ರದಲ್ಲಿ ಪ್ರವಾಸ ಮಾರ್ಚ್ 11ರ ಬುಧವಾರವಿದ್ದರೂ ಚೀಟಿ ಫೆಬ್ರವರಿ 27ರ ಶುಕ್ರವಾರದೊಳಗೆ ಬೇಕಿತ್ತು. ಮಾತಾಡಿದ ಮೇಲೆ ಅದೇ ಐದು ಸಾಲು ಕನ್ನಡದಲ್ಲಿ ಟೈಪ್ ಮಾಡಿ ಫೋಟೊದ ಕೆಳಗೇ ಹಾಕಿ.

ಸಮಯವಿದ್ದಾಗ ನಾವು ಮಾಡುವುದು ಇದು: ಮೊದಲು ಫೋಟೊ ಆ್ಯಪಿನಲ್ಲಿ ಒಮ್ಮೆ ಕಣ್ಣಾಡಿಸಿ ಯಾವ ಪ್ಯಾರಾದಲ್ಲಿ ಏನಿದೆ ಎಂದು ತಿಳಿಯುವುದು, ತಾರೀಕಿನ ಭಾಗವನ್ನಷ್ಟೇ ನಕಲಿಸಿ ಅಂಕಿ ತಾಳೆ ನೋಡುವುದು, ಉಡುಪು ಮತ್ತು ಚೀಟಿಯನ್ನು ಮನುಷ್ಯರಿಂದಲೇ ಓದಿಸುವುದು. ರಾತ್ರಿ ಹೊತ್ತಾಗಿ ಒಂದೇ ದಾರಿ ಸಾಧ್ಯವಿದ್ದರೆ ಚೀಟಿಯನ್ನು ಓದಿ ಹೇಳುವವರನ್ನು ಎಬ್ಬಿಸಿ. ಪುಸ್ತಕ ದಿನಕ್ಕೆ ವೇಷ ತಪ್ಪಿದರೆ ಮಗು ಯೂನಿಫಾರ್ಮಿನಲ್ಲೇ ಪಾಠ ಕೇಳುತ್ತದೆ, ಚೀಟಿಯಲ್ಲಿ ತಪ್ಪು ಪದಕ್ಕೆ ಗೆರೆ ಬಿದ್ದರೆ ಬಸ್ಸು ಹತ್ತಲಾರದು. ತುಂಬಿದ ಚೀಟಿಯ ಫೋಟೊವನ್ನು ಕೊಡುವ ಮೊದಲು ಊರಿಗೊಮ್ಮೆ ತೋರಿಸಿ, ಆದರೆ ದೊಡ್ಡ ಗುಂಪಿಗೆ ಹಾಕದೆ ಓದಿದವರಿಗೆ ಮಾತ್ರ. ಮಗುವಿನ ಹೆಸರು, ಔಷಧ, ಮನೆಯ ನಂಬರು ಎಲ್ಲ ಅದರಲ್ಲಿರುತ್ತದೆ.